ಬೋರ್ಡಿನ ಕೊನೆಯ ಸಾಲು

ಎಳ್ಳಮವಾಸ್ಯೆ ದಿನ ಆಳಂದದ ಬಜಾರಿಗೆ ಹೋಗಿ ನೋಡ್ರಿ. ಊರಿಗೆ ಊರೇ ಹೊಲದಾಗ ಇರ್ತದ. ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಉಣ್ಣೋ ಹೊತ್ತು ಅದು. ಅಂಗಡಿ ಕಾಯೋದು ಬಾಗಿಲಿಗೆ ತೂಗುಹಾಕಿದ ಬೋರ್ಡೊಂದೇ. ಆ ಬೋರ್ಡುಗಳನ್ನು ಓದುವ ಗೀಳು ನನಗೆ ಎಳವೆಯಿಂದಲೂ ಇದೆ.

ಮೊದಲಿಗೆ ಇಂಥ ಸುದ್ದಿಯೆಲ್ಲ ಬಾಯಿಮಾತೇ. ತಳವಾರ ಹಲಗಿ ಬಡಿದು ಸಾರಿದರೆ ಮುಗಿಯಿತು, ಹೊಲದಲ್ಲಿದ್ದವನಿಗೆ ಮುಟ್ಟುತ್ತಿರಲಿಲ್ಲ. ನಿಜಾಮರ ಕಾಲದಲ್ಲಿ ಕಚೇರಿಗೆ ವಾರದ ರಜೆ ಶುಕ್ರವಾರ, ಆಮೇಲೆ ಅದು ರವಿವಾರವಾಯಿತು. ಆದರೆ ಅಡತಿ ಅಂಗಡಿಗೆ ದೊಡ್ಡ ರಜೆ ಅಂದರೆ ಇಂದಿಗೂ ಹಬ್ಬವೇ.

ನಾನು ಚಿಕ್ಕವನಿದ್ದಾಗ ನಮ್ಮ ಓಣಿಯ ಅಡತಿ ಅಂಗಡಿಯಲ್ಲಿ ಮುದುಕ ಗುಮಾಸ್ತರೊಬ್ಬರಿದ್ದರು. ಹಬ್ಬ ನಾಲ್ಕು ದಿನ ಇದೆ ಎನ್ನುವಾಗಲೇ ಸುಣ್ಣದಕಡ್ಡಿ ಹಿಡಿದು ಬೋರ್ಡಿನ ಮೇಲೆ ಮೂರು ಸಾಲು ಬರೆಯುವರು: ಎಂದು ಮುಚ್ಚುತ್ತೇವೆ, ಎಂದು ಎಷ್ಟು ಗಂಟೆಗೆ ತೆರೆಯುತ್ತೇವೆ, ಬಂದ ಕಾಗದಗಳಿಗೆ ಎಂದಿನಿಂದ ಉತ್ತರ ಬರೆಯುತ್ತೇವೆ. ದೂರದ ಜೇವರ್ಗಿ, ಅಫಜಲಪುರದ ರೈತರಿಗೆ ಅದನ್ನೇ ಕಾರ್ಡಿನಲ್ಲಿ ಬರೆದು ಹಾಕುವರು. ಮೂರನೇ ಸಾಲಿನ ತಾರೀಖು ಯಾವಾಗಲೂ ಎರಡನೆಯದಕ್ಕಿಂತ ಎರಡು ದಿನ ಮುಂದೆ. ಯಾಕ್ರಿ ಅಂತ ಕೇಳಿದೆ. "ಬಾಗಿಲು ತೆಗೆದ ದಿನ ಮಾಲು ತೂಗೋದ್ರಾಗ ಹೊತ್ತು ಹೋಗ್ತದ ತಮ್ಮಾ, ಕಾಗದ ಬಿಚ್ಚಾಕ ಪುರಸೊತ್ತೆಲ್ಲಿ?" ಅಂದರು.

ಪ್ರಾಮಿಸರಿ ನೋಟಿನ ಗಡುವು ರಜೆಯ ದಿನ ಬೀಳುವಂತಿದ್ದರೆ ಇನ್ನೊಂದು ಕಾರ್ಡು ಬೇರೆಯೇ ಹೋಗುತ್ತಿತ್ತು. ರಜೆ ಬಂತು, ಮಾರನೇ ದಿನ ಕೊಟ್ಟರಾಯಿತು ಅಂತ ಜನ ತಿಳಿಯುತ್ತಾರೆ. 1881ರ ಕಾಯ್ದೆ ಹೇಳುವುದು ತಿರುಗಾಮುರುಗಾ: ಸಾರ್ವಜನಿಕ ರಜೆಯಂದು ಗಡುವು ಬಿದ್ದರೆ, ಅದರ ಹಿಂದಿನ ಕೆಲಸದ ದಿನವೇ ಹಣ ಸಲ್ಲಬೇಕು.

ಈಗಿನ ಬೋರ್ಡು ನೋಡಿದರೆ ಸಂಕಟವಾಗುತ್ತದೆ. "ಹಬ್ಬದ ನಿಮಿತ್ತ ಎರಡು ದಿನ ಬಂದ್", ಅಷ್ಟೇ. 2024ರಲ್ಲಿ ಎಳ್ಳಮವಾಸ್ಯೆ ಡಿಸೆಂಬರ್ 30, ಸೋಮವಾರ. ಎರಡು ದಿನ ಅಂದರೆ ರವಿವಾರ ಸೋಮವಾರವೋ, ಸೋಮವಾರ ಮಂಗಳವಾರವೋ? ನಮ್ಮ ಬೀಗರೊಬ್ಬರು ಮೊದಲನೆಯದೆಂದು ತಿಳಿದು ಮಂಗಳವಾರ ತೊಗರಿ ಚೀಲ ಹೇರಿಕೊಂಡು ಬಂದರು. ಬೀಗ ಜಡಿದ ಬಾಗಿಲ ಮುಂದೆ ರಾತ್ರಿಯೆಲ್ಲ ಚೀಲ ಕಾದರು, ಟೆಂಪೋದವನಿಗೆ ಎರಡು ಬಾಡಿಗೆ ಕೊಟ್ಟರು. ಮರುವರ್ಷ ಅದೇ ಹಬ್ಬ ಡಿಸೆಂಬರ್ 19ಕ್ಕೇ ಬಂತು, ಹನ್ನೊಂದು ದಿನ ಮೊದಲು. ಚಂದ್ರನ ಲೆಕ್ಕದ ಹಬ್ಬಕ್ಕೆ ಹೋದ ವರ್ಷದ ಬೋರ್ಡು ಒರೆಸದೆ ತೂಗುಹಾಕಿದರೆ ಹಿಂಗೇ ಆಗ್ತದ.

ಆ ಗುಮಾಸ್ತರು ಈಗಿಲ್ಲ. ಮುಂದಿನ ಎಳ್ಳಮವಾಸ್ಯೆಗೆ ನೀವು ಬೋರ್ಡು ಬರೆಯುವಾಗ ವಾರ, ತಾರೀಖು, ಗಂಟೆ ಮೂರೂ ಹಾಕ್ರಿ. ಉತ್ತರ ಎಂದಿನಿಂದ ಅನ್ನುವ ಕೊನೆಯ ಸಾಲನ್ನು ಬಿಡಬ್ಯಾಡ್ರಿ.