ಕೊಂದಿರಬಹುದು, ಕೊಂದಿರಲೇಬೇಕು

ಮನೆಯೊಳಗೆ ಹೆಂಡತಿ ಸತ್ತು ಬಿದ್ದಿದ್ದಾಳೆ. ಪಕ್ಕದಲ್ಲಿದ್ದವನು ಗಂಡ ಒಬ್ಬನೇ. ಕೊಂದಿದ್ದನ್ನ ನೋಡಿದವರು ಯಾರೂ ಇಲ್ಲ. ಇಂಥ ಸುದ್ದಿ ಬಂದ ಅರ್ಧ ಗಂಟೆಯಲ್ಲಿ ನಮ್ಮ ಸ್ಕ್ರೀನ್ ಮೇಲೆ "ಕೊಲೆಗಾರ ಗಂಡ" ಅಂತ ಕೆಂಪು ಅಕ್ಷರ ಓಡೋಕೆ ಶುರುವಾಗುತ್ತೆ. ನಾನೂ ಅಂಥ ಸಾಲು ಓದಿದ್ದೀನಿ, ಸುಳ್ಳು ಹೇಳಲ್ಲ. ಇವತ್ತು ಅದೇ ತರಹದ ಒಂದು ಹಳೇ ಕೇಸು ನಿಮ್ಮ ಮುಂದೆ ಇಡ್ತೀನಿ.

ಪುಣೆ, 1982. ಫೆಬ್ರವರಿಯಲ್ಲಿ ಮದುವೆ, ಜೂನ್ 11ರ ರಾತ್ರಿ ಸಾವು. ನಾಲ್ಕೇ ತಿಂಗಳು. ಹುಡುಗಿ ಸತ್ತಿದ್ದು ಸೈನೈಡ್‌ನಿಂದ. ಗಂಡ ಕೆಮಿಕಲ್ ಎಂಜಿನಿಯರಿಂಗ್ ಓದಿದವನು, ಸ್ವಂತ ಕಾರ್ಖಾನೆ ಇತ್ತು. ಬೇರೊಬ್ಬಳ ಜೊತೆ ಸಂಬಂಧ ಇದೆ, ಹೆಂಡತಿಯನ್ನ ಕಡೆಗಣಿಸ್ತಾನೆ ಅನ್ನೋ ಆರೋಪವೂ ಇತ್ತು. ಇಷ್ಟು ಕೇಳಿದ ಮೇಲೆ ನೀವು ಮನಸ್ಸಿನಲ್ಲೇ ತೀರ್ಪು ಬರೆದಾಯ್ತು, ಅಲ್ವಾ? ಸೆಷನ್ಸ್ ಕೋರ್ಟ್ ಗಲ್ಲು ಶಿಕ್ಷೆ ಕೊಟ್ಟಿತು. ಬಾಂಬೆ ಹೈಕೋರ್ಟ್ ಅದನ್ನ ಖಾಯಂ ಮಾಡಿತು. 1984ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಅವನನ್ನ ಬಿಟ್ಟು ಕಳಿಸಿದರು. ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣ ಅಂತ ಇವತ್ತಿಗೂ ವಕೀಲರ ಬಾಯಲ್ಲಿರೋದು ಇದೇ.

ಯಾಕೆ ಬಿಟ್ಟರು? ವಿಷದ ಕೇಸಿನಲ್ಲಿ ಕೋರ್ಟ್ ನಾಲ್ಕು ಸಂಗತಿ ನೋಡುತ್ತೆ. ಕೊಲ್ಲೋಕೆ ಕಾರಣ ಇತ್ತಾ, ಸತ್ತಿದ್ದು ವಿಷದಿಂದಲೇನಾ, ವಿಷ ಆರೋಪಿಯ ಕೈಯಲ್ಲಿತ್ತಾ, ಕುಡಿಸೋಕೆ ಅವಕಾಶ ಇತ್ತಾ. ಪೊಲೀಸರು ಎಡವಿದ್ದು ಮೂರನೆಯದರಲ್ಲಿ. ಗಂಡನ ಹತ್ತಿರ ಸೈನೈಡ್ ಇತ್ತು ಅನ್ನೋದಕ್ಕೆ ಪುರಾವೆಯೇ ಇರಲಿಲ್ಲ. ಕೆಮಿಕಲ್ ಓದಿದ್ದಾನೆ, ಕಾರ್ಖಾನೆ ಇದೆ, ಹಾಗಾಗಿ ತಂದಿರಬಹುದು ಅನ್ನೋದು ಊಹೆ. ಕೋರ್ಟಿನ ಮೊದಲ ಪರೀಕ್ಷೆ ಇಲ್ಲೇ ಇರೋದು. ತೀರ್ಮಾನಕ್ಕೆ ಆಧಾರವಾಗೋ ಪ್ರತಿಯೊಂದು ಸಂಗತಿಯೂ ಪೂರ್ತಿ ಸಾಬೀತಾಗಿರಬೇಕು. "ಇರಬಹುದು" ಬೇರೆ, "ಇರಲೇಬೇಕು" ಬೇರೆ. ಎರಡರ ನಡುವೆ ತುಂಬಾ ದೂರ ಇದೆ. ನಮ್ಮ ಸ್ಟುಡಿಯೋದಲ್ಲಿ ಆ ದೂರವನ್ನ ಒಂದು ಬ್ರೇಕ್‌ನಲ್ಲಿ ದಾಟಿಬಿಡ್ತೀವಿ ಬಿಡಿ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಕಠಿಣ. ಸಾಬೀತಾದ ಸಂಗತಿಗಳು ಆರೋಪಿಯ ಅಪರಾಧಕ್ಕೆ ಹೊಂದಿದರೆ ಸಾಲದು, ಬೇರೆ ಯಾವ ವಿವರಣೆಗೂ ಹೊಂದಬಾರದು. ಪುಣೆ ಕೇಸಿನಲ್ಲಿ ಆ ಹುಡುಗಿ ಅಕ್ಕನಿಗೆ, ಗೆಳತಿಗೆ ಕಾಗದ ಬರೆದಿದ್ದಳು. ಗಂಡ ಹಿಂಸೆ ಕೊಡ್ತಿದ್ದ ಅನ್ನೋದಕ್ಕೆ ಪ್ರಾಸಿಕ್ಯೂಷನ್ ಅವನ್ನೇ ತಂದು ಮುಂದಿಟ್ಟಿತು. ನ್ಯಾಯಮೂರ್ತಿಗಳು ಅದೇ ಕಾಗದಗಳನ್ನ ಓದಿದಾಗ ಅವರಿಗೆ ಕಂಡಿದ್ದು ನೊಂದ, ಒಂಟಿಯಾದ, ಬದುಕಿನ ಬಗ್ಗೆ ಆಸೆ ಕಳೆದುಕೊಂಡ ಹೆಣ್ಣುಮಗಳು. ಅಂಥವಳು ತಾನೇ ವಿಷ ತಗೊಂಡಿರೋ ಸಾಧ್ಯತೆ ತಳ್ಳಿಹಾಕೋಕೆ ಆಗಲ್ಲ ಅಂದರು. ಒಂದೇ ಕಾಗದ, ಎರಡು ಅರ್ಥ. ಎರಡೂ ಸಾಧ್ಯ ಅಂದಾಗ ಆರೋಪಿಗೆ ಅನುಕೂಲವಾದದ್ದನ್ನೇ ಹಿಡಿಯಬೇಕು.

ಸರಪಳಿ ಅನ್ನೋ ಮಾತು ನೀವು ಕೇಳಿರ್ತೀರಿ. ಕೊಂಡಿ ಒಂದಕ್ಕೊಂದು ಸೇರಿರಬೇಕು, ನಡುವೆ ಒಂದೂ ಬಿಟ್ಟುಹೋಗಬಾರದು. ಇಲ್ಲಿ ಹೈಕೋರ್ಟ್ ಮಾಡಿದ ತಪ್ಪನ್ನ ಸುಪ್ರೀಂ ಕೋರ್ಟ್ ವಿಶೇಷವಾಗಿ ತೋರಿಸಿತು. ಆರೋಪಿ ಸುಳ್ಳು ಹೇಳಿದ್ದಾನೆ, ಆದ್ದರಿಂದ ಆ ಸುಳ್ಳೇ ಬಿಟ್ಟುಹೋದ ಕೊಂಡಿ ಅನ್ನೋ ವಾದ. ಇಲ್ಲ, ಹಾಗಾಗಲ್ಲ. ಉಳಿದ ಕೊಂಡಿಗಳೆಲ್ಲ ಮೊದಲೇ ಗಟ್ಟಿಯಾಗಿ ಕೂತಿದ್ದರೆ ಮಾತ್ರ ಆ ಸುಳ್ಳನ್ನ ಇನ್ನೊಂದು ಕೊಂಡಿ ಅಂತ ಸೇರಿಸಬಹುದು. ಹೆದರಿದ ಮನುಷ್ಯ ಸುಳ್ಳು ಹೇಳ್ತಾನೆ ಸ್ವಾಮಿ, ನಿರಪರಾಧಿಯೂ ಹೇಳ್ತಾನೆ. ಮತ್ತೆ ವಿಚಾರಣೆಯಲ್ಲಿ ಯಾವ ಸಂಗತಿಯ ಬಗ್ಗೆ ಆರೋಪಿಯನ್ನ ಕೇಳಿಯೇ ಇಲ್ಲವೋ, ಅದನ್ನ ಅವನ ವಿರುದ್ಧ ಬಳಸುವಂತಿಲ್ಲ ಅಂತಲೂ ಹೇಳಿತು. ಉತ್ತರ ಕೊಡೋ ಅವಕಾಶವೇ ಕೊಡದೆ ನೇಣಿಗೆ ಹಾಕೋದು ಹೇಗೆ?

ನಿಮ್ಮಲ್ಲಿ ಕೆಲವರು ಸಿಟ್ಟಾಗಿದ್ದೀರಿ, ನನಗೆ ಗೊತ್ತು. ಹಾಗಾದರೆ ನಾಲ್ಕು ಗೋಡೆ ಮಧ್ಯೆ ಹೆಂಡತಿಯನ್ನ ಕೊಂದವರೆಲ್ಲ ತಪ್ಪಿಸಿಕೊಳ್ಳಬಹುದಾ ಅಂತ ನಮ್ಮ ಡೆಸ್ಕಿನಲ್ಲೇ ಒಬ್ಬ ಹೆಣ್ಣುಮಗಳು ನನ್ನನ್ನ ಕೇಳಿದಳು. ನ್ಯಾಯವಾದ ಪ್ರಶ್ನೆ. 2006ರಲ್ಲಿ ತ್ರಿಮುಖ್ ಮಾರುತಿ ಕಿರ್ಕನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಮನೆಯೊಳಗೆ ಗುಟ್ಟಾಗಿ ನಡೆದ ಕೊಲೆಗೆ ಪೊಲೀಸರು ಹೊರಗಿನ ಕೊಲೆಯಷ್ಟೇ ಸಾಕ್ಷ್ಯ ತರೋದು ಕಷ್ಟ. ಒಳಗಿದ್ದವನಿಗೆ ಮಾತ್ರ ಗೊತ್ತಿರೋ ಸಂಗತಿಯನ್ನ ಅವನೇ ವಿವರಿಸಬೇಕು ಅಂತ ಆಗಿನ ಸಾಕ್ಷ್ಯ ಕಾಯ್ದೆಯ 106ನೇ ಸೆಕ್ಷನ್ ಹೇಳ್ತಿತ್ತು. ಗಂಡ ಬಾಯಿ ಮುಚ್ಚಿಕೊಂಡು ಕೂತರೆ, ಇಲ್ಲ ಕಟ್ಟುಕಥೆ ಹೇಳಿದರೆ, ಅದು ಅವನ ವಿರುದ್ಧವೇ ಹೋಗುತ್ತೆ. ಆದರೆ ಅದಕ್ಕೂ ಮುಂಚೆ ಪ್ರಾಸಿಕ್ಯೂಷನ್ ತನ್ನ ಪಾಲಿನದ್ದನ್ನ ಸಾಬೀತು ಮಾಡಿರಬೇಕು. ಅವಳು ಸತ್ತಿದ್ದು ಕೊಲೆಯಿಂದಲೇ, ಅವನು ಆಗ ಒಳಗಿದ್ದ ಅನ್ನೋದಾದರೂ ಗಟ್ಟಿಯಾಗಬೇಕು. ಕತ್ತು ಹಿಸುಕಿದ ಗುರುತಿದ್ದರೆ ಅದನ್ನ ಯಾರೂ ತಾನೇ ಮಾಡಿಕೊಂಡಳು ಅನ್ನಲ್ಲ. ಸೈನೈಡ್‌ಗೆ ಅಂಥ ಗುರುತಿಲ್ಲ. ಯಾರ ಕೈ ಎತ್ತಿ ಕುಡಿಸಿತು ಅಂತ ಪೋಸ್ಟ್‌ಮಾರ್ಟಂ ಹೇಳಲ್ಲ.

ಆ ರಾತ್ರಿ ಪುಣೆಯ ಆ ಫ್ಲಾಟ್‌ನಲ್ಲಿ ನಿಜಕ್ಕೂ ಏನು ನಡೀತು ಅಂತ ಕೋರ್ಟ್ ಹೇಳಲಿಲ್ಲ. ನಾವು ನಮ್ಮ ಟೇಬಲ್ಲಿನ ಮುಂದೆ ಕೂತು ಅದನ್ನ ಹೇಳ್ತಾ ಇದ್ದೀವಿ. ನಾಳೆ ಇದೇ ಹೊತ್ತಿಗೆ ಸಿಗ್ತೀನಿ, ನಮಸ್ಕಾರ.