ತೆನೆ ತೆನೆ ಕೂಡಿದರೆ ಬಳ್ಳ

(ಹುಬ್ಬಳ್ಳಿಯ ಕಮರಿಪೇಟೆಯಲ್ಲಿ, ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳ ಸ್ವಸಹಾಯ ಸಂಘ ಹೊಸ ಉಳಿತಾಯ ಆರಂಭಿಸಿದ ದಿನ ಆಡಿದ ಮಾತುಗಳು)



‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ.’ ಈ ಗಾದೆಯನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಉಳಿತಾಯದ ಸಭೆಗಳಲ್ಲಿ ಎಲ್ಲರೂ ಇದರ ಮೊದಲ ಅರ್ಧವನ್ನಷ್ಟೇ ಹೇಳಿ ಕೂತುಬಿಡುತ್ತಾರೆ. ನಾನು ಎರಡನೆಯ ಅರ್ಧವನ್ನು ಹಿಡಿದುಕೊಂಡು ಮಾತಾಡುತ್ತೇನೆ.

ಹಳ್ಳ ತುಂಬಿದರೂ ನೀರು ನಿಲ್ಲುವುದಿಲ್ಲ, ತಗ್ಗು ಇದ್ದ ಕಡೆ ಹರಿದು ಹೋಗುತ್ತದೆ. ಬಳ್ಳ ಹಾಗಲ್ಲ, ಅದು ಅಳತೆ. ಕಾಳು ತುಂಬಿ, ಮೇಲೆ ಅಂಗೈ ಎಳೆದು ಸಮ ಮಾಡಿ, ಒಂದು, ಎರಡು ಎಂದು ಎಣಿಸುತ್ತೇವೆ. ರೊಟ್ಟಿ ಬಡಿದು, ಕಳೆ ಕಿತ್ತು, ಹೊಲಿಗೆ ಹಾಕಿ ನಾವು ದುಡಿದದ್ದು ಇಷ್ಟು ದಿನ ಹಳ್ಳದ ನೀರಾಯಿತು. ಗಂಡನ ಜೇಬಿಗೆ, ಸೆರೆ ಅಂಗಡಿಗೆ, ಬಡ್ಡಿಯವನ ಮನೆಗೆ ಹರಿಯಿತು. ಎಷ್ಟು ಹರಿಯಿತು ಎಂದು ಕೇಳಿದರೆ ನಮ್ಮಲ್ಲಿ ಲೆಕ್ಕವಿಲ್ಲ.

ಬಳ್ಳದ ಲೆಕ್ಕ ಹೇಗಿರುತ್ತದೆ ನೋಡಿ. ನಾವು 15 ಜನ ವಾರಕ್ಕೆ 50 ರೂಪಾಯಿ ಹಾಕಿದರೆ ವಾರಕ್ಕೆ 750 ಆಯಿತು. ಹತ್ತು ವಾರಕ್ಕೆ 7,500. ಅದರಲ್ಲಿ ಒಬ್ಬ ತಂಗಿ ಜೋಳದ ಚೀಲಕ್ಕೆ, ಹಂಚಿಗೆ, ಒಲೆಗೆ ಎಂದು 5,000 ಸಾಲ ಪಡೆದಳು ಎನ್ನೋಣ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ, ತಿಂಗಳಿಗೆ 500 ಅಸಲು. ಮೊದಲ ತಿಂಗಳು ಬಡ್ಡಿ 50. ಎರಡನೆಯ ತಿಂಗಳು ಉಳಿದದ್ದು 4,500, ಆದ್ದರಿಂದ ಬಡ್ಡಿ 45. ಹೀಗೆ ಇಳಿಯುತ್ತ ಹತ್ತನೆಯ ತಿಂಗಳು ಐದೇ ರೂಪಾಯಿ. ಒಟ್ಟು ಬಡ್ಡಿ 275, ಅದೂ ನಮ್ಮ ಪೆಟ್ಟಿಗೆಗೇ ಬಂತು. ಹೊರಗೆ ನೂರಕ್ಕೆ ಐದರಂತೆ ತಂದಿದ್ದರೆ ತಿಂಗಳಿಗೆ 250, ಹತ್ತು ತಿಂಗಳಿಗೆ 2,500 ಕಟ್ಟಿಯೂ 5,000 ಅಸಲು ಹಾಗೆಯೇ ನಿಂತಿರುತ್ತಿತ್ತು.

ಆದರೆ ಬಳ್ಳಕ್ಕೂ ತೂತು ಬೀಳುತ್ತದೆ. ಅದನ್ನು ಹೇಳದೆ ಹೋದರೆ ನಾನು ಅರ್ಧ ಸುಳ್ಳು ಹೇಳಿದಂತೆ. ಸಾಲದ ಸಹಿ ಹೆಂಡತಿಯದು, ಹಣ ಗಂಡನದು, ಇದು ಎಲ್ಲ ಸಂಘಗಳಲ್ಲೂ ಆಗುವ ಮಾತು. ಗುರುತು ಹಿಡಿಯುವುದು ಕಷ್ಟವಲ್ಲ. ಆಕೆಗೆ ತನ್ನ ಕಂತು ಎಷ್ಟೆಂದು ಗೊತ್ತಿರುವುದಿಲ್ಲ, ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎನ್ನುತ್ತಾಳೆ. ಪಾಸ್‌ಬುಕ್ ತರುವುದಿಲ್ಲ. ಎರಡು ವಾರ ಸಭೆಗೇ ಬರುವುದಿಲ್ಲ. ಆಗ ನಾವು ಮೊದಲು ದಂಡ ಹಾಕಲು ಹೋಗುತ್ತೇವೆ. ತಪ್ಪು ಅದೇ. ಇಬ್ಬರು ಆಕೆಯ ಮನೆಗೆ ಹೋಗಬೇಕು, ಆಕೆಯ ಮೈ ಮುಖ ನೋಡಬೇಕು. ಬಡಿತ ನಡೆದಿದ್ದರೆ 181ಕ್ಕೆ ಫೋನ್ ಮಾಡಬೇಕು. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ ಪ್ರಕಾರ ಹೊಡೆತ ಮಾತ್ರ ದೌರ್ಜನ್ಯವಲ್ಲ. ಹೆಣ್ಣಿಗೆ ಸಲ್ಲಬೇಕಾದ ಹಣವನ್ನು ಕಸಿಯುವುದು, ಆಕೆಯ ಸ್ತ್ರೀಧನವನ್ನು ಮಾರಿಬಿಡುವುದು ಕೂಡ ದೌರ್ಜನ್ಯವೇ.

ಇನ್ನೊಂದು ತೂತು ನಮ್ಮ ಕೈಯಿಂದಲೇ ಬೀಳುತ್ತದೆ. ಮಗಳ ಮದುವೆಗೆಂದು ಒಬ್ಬ ತಾಯಿ 40,000 ಸಾಲ ಕೇಳುತ್ತಾಳೆ, ಅದು ವರನ ಮನೆಯವರು ಕೇಳಿದ ವರದಕ್ಷಿಣೆ. ಇದನ್ನು ಕೊಡಬಾರದು. 1961ರ ವರದಕ್ಷಿಣೆ ನಿಷೇಧ ಕಾಯಿದೆಯಲ್ಲಿ ಕೊಡುವುದೂ ಅಪರಾಧ. ಅದಕ್ಕಿಂತ ಮುಖ್ಯ, ಹದಿನೈದು ಜನರ ಬೆವರು ಒಂದೇ ಸಂಜೆಯಲ್ಲಿ ಹಳ್ಳವಾಗಿ ಹರಿದುಹೋಗುತ್ತದೆ, ಮಗಳಿಗೆ ಒಂದು ಕಾಳೂ ಉಳಿಯುವುದಿಲ್ಲ. ಆ ತಾಯಿಗೆ ಬೇಡ ಅನ್ನುವುದು ಸುಲಭವೇ? ಅಲ್ಲ. ಆಕೆಯ ಸಂಕಟ ನಮಗೆಲ್ಲ ಗೊತ್ತು. ಅದೇ ಸಾಲವನ್ನು ಮಗಳ ಹೊಲಿಗೆ ಯಂತ್ರಕ್ಕೆ ಕೊಡೋಣ, ರಸೀತಿ ಮಗಳ ಹೆಸರಿನಲ್ಲಿರಲಿ.

ಕೇಳದೆಯೇ ಪ್ರೀತಿಯಿಂದ ಕೊಟ್ಟ ಚಿನ್ನ, ಪಾತ್ರೆಗಳಿಗೂ ಬಳ್ಳದ ಲೆಕ್ಕ ಬೇಕು. 1985ರ ನಿಯಮದ ಪ್ರಕಾರ ಮದುವೆಯ ಉಡುಗೊರೆಗಳ ಪಟ್ಟಿ ಬರೆಯಬೇಕು: ವಸ್ತು ಏನು, ಸುಮಾರು ಬೆಲೆ ಎಷ್ಟು, ಕೊಟ್ಟವರು ಯಾರು, ಅವರು ಏನಾಗಬೇಕು. ವಧು, ವರ ಇಬ್ಬರೂ ಸಹಿ ಮಾಡಬೇಕು. ಸ್ತ್ರೀಧನ ಹೆಂಡತಿಯದೇ ಆಸ್ತಿ, ಗಂಡನ ಮನೆಯವರ ಕೈಯಲ್ಲಿದ್ದರೂ ಅದು ನಂಬಿ ಇಟ್ಟದ್ದು ಮಾತ್ರ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ. ಆದರೆ ಪಟ್ಟಿಯೇ ಇಲ್ಲದಿದ್ದರೆ ಮುಂದೆ ‘ನನ್ನದು’ ಎಂದು ತೋರಿಸುವುದು ಕಷ್ಟ. ಒಂದು ಪ್ರತಿ ತವರಿನಲ್ಲಿ ಇರಲಿ.

ಇವತ್ತಿನ ಕೆಲಸ ಇಷ್ಟೇ. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಕೀಲಿ ಇನ್ನೊಬ್ಬರ ಮನೆಯಲ್ಲಿ, ಲೆಕ್ಕದ ಪುಸ್ತಕ ಮೂರನೆಯವರ ಕೈಯಲ್ಲಿ. ಬ್ಯಾಂಕಿನ ಖಾಲಿ ಚೀಟಿಗೆ ಯಾರೂ ಮುಂಗಡ ಸಹಿ ಹಾಕಬೇಡಿ. ಸಭೆ ಮುಗಿಯುವ ಮೊದಲು ಪ್ರತಿಯೊಬ್ಬರ ಹೆಸರು, ಮೊತ್ತ ಗಟ್ಟಿಯಾಗಿ ಓದಬೇಕು. ಓದಲು ಬಾರದವರು ತಮ್ಮ ಮೊತ್ತವನ್ನು ಬಾಯಿಪಾಠ ಹೇಳಲಿ. ಬನ್ನಿ, ಮೊದಲ 50 ಯಾರು ಹಾಕುತ್ತೀರಿ?