ಕಿಟಕಿಯಾಚೆಯ ಗಡಿಯಾರ

ಹೊಸಹೊಳಲಿನಿಂದ ಕೆ.ಆರ್. ಪೇಟೆಯ ತಾಲ್ಲೂಕು ಕಚೇರಿಗೆ ಬರುವ ರೈತ ಅರ್ಧ ದಿನದ ಕೆಲಸ ಬಿಟ್ಟು ಬಂದಿರುತ್ತಾನೆ. ಹೊಸ ನೌಕರರ ಸಮಯಪಾಲನೆ ಸಲ್ಲಬೇಕಾದುದು ಮೊದಲು ಅವನಿಗೆ, ಆಮೇಲೆ ಮೇಲಧಿಕಾರಿಗೆ. 2011ರ ಸಕಾಲ ಕಾಯ್ದೆಯೂ ಹಾಗೇ ಎಣಿಸುತ್ತದೆ: ಗಡುವು ಮೀರಿದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಗರಿಷ್ಠ 500, ಅದು ತಪ್ಪಿದ ನೌಕರನಿಂದಲೇ ವಸೂಲಾಗುತ್ತದೆ. ಬಸ್ಸು ತಡವಾದರೇನು ಮಾಡೋಣ ಎಂದು ನೌಕರ ಕೇಳಬಹುದು. ಹತ್ತು ಗಂಟೆಗೆ ಮೊದಲೇ ಕಚೇರಿಗೆ ಫೋನ್ ಮಾಡಿದರೆ ಅವನ ಕಿಟಕಿಗೆ ಇನ್ನೊಬ್ಬರು ಕೂರಬಹುದು. ಹತ್ತೂಕಾಲಿಗೆ ಹೇಳುವ ಕಾರಣದಿಂದ ಸಾಲು ಕರಗದು. ಫೋನಿನ ಉಪಯೋಗ ಅಲ್ಲಿಗೆ ಸಾಕು, ಆಮೇಲೆ ಅದು ಮೇಜಿನ ಡ್ರಾಯರಿನಲ್ಲಿರಲಿ. ಊಟಕ್ಕೂ ಸರದಿ ಇರಲಿ, ಎಲ್ಲರೂ ಒಟ್ಟಿಗೇ ಎದ್ದರೆ ಕಿಟಕಿ ಖಾಲಿ.

ಇನ್ನು ಮಾತಿನ ರೀತಿ. ಕಚೇರಿಯ ಹಿರಿಯರನ್ನು ‘ಅಣ್ಣ’ ಎನ್ನುವುದು ಮಂಡ್ಯದ ಅಕ್ಕರೆ, ತಪ್ಪೇನು? ಟೀ ಅಂಗಡಿಯಲ್ಲಿ ಏನೂ ಇಲ್ಲ. ಆದರೆ ಸಾಲಿನಲ್ಲಿ ನಿಂತವನ ಕಿವಿಗೆ ಅದು ನಂಟಸ್ತನದಂತೆ ಕೇಳಿ, ತನ್ನ ಕಡತಕ್ಕೂ ಯಾರಾದರೂ ಅಣ್ಣ ಬೇಕೇನೋ ಅನ್ನಿಸುತ್ತದೆ. ಕಿಟಕಿಯ ಬಳಿ ‘ಸರ್’, ‘ಮೇಡಂ’ ಎಂದರೇ ವಾಸಿ.